ಎಫ್‌ಡಿ ಬಡ್ಡಿಯಲ್ಲಿ ನಿಜವಾಗಿ ಕೈಗೆ ಉಳಿಯುವುದೆಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯಲ್ಲಿ ಕೂತು ಊರವರ ತೆರಿಗೆ ರಿಟರ್ನ್ ತುಂಬಿಕೊಡುವುದು ನನ್ನ ಕೆಲಸ. ಜುಲೈ ಬಂತು ಅಂದರೆ ಒದ್ದೆ ಕೊಡೆ ಬಾಗಿಲಲ್ಲಿಟ್ಟು, ಪ್ಲಾಸ್ಟಿಕ್ ಕವರಿನಿಂದ ಬ್ಯಾಂಕಿನ ಬಡ್ಡಿ ಪತ್ರ ತೆಗೆಯುವವರ ಸಾಲು. ಅಡಿಕೆ ಮಾರಿದ ದುಡ್ಡು, ನಿವೃತ್ತಿಯಾದಾಗ ಬಂದ ದುಡ್ಡು, ಮಗಳ ಓದಿಗೆ ಅಂತ ಎತ್ತಿಟ್ಟ ದುಡ್ಡು, ಎಲ್ಲ ಎಫ್‌ಡಿಯಲ್ಲೇ. ಎಲ್ಲರೂ ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಇವೇ. ಉತ್ತರ ಇಲ್ಲಿ ಬರೆದಿಟ್ಟಿದ್ದೇನೆ.

ರಸೀದಿಯಲ್ಲಿ 6.5 ಪರ್ಸೆಂಟ್ ಅಂತ ಇದೆ. ನನ್ನ ಲಾಭ 6.5 ಅಲ್ವಾ?

ಅಲ್ಲ. ಅದು ಬ್ಯಾಂಕ್ ಕೊಡುವ ಬಡ್ಡಿ. ಅದರಲ್ಲಿ ಮೊದಲು ತೆರಿಗೆ ಹೋಗುತ್ತದೆ. ಉಳಿದದ್ದರಲ್ಲಿ ಬೆಲೆ ಏರಿಕೆ ತನ್ನ ಪಾಲು ತಿನ್ನುತ್ತದೆ. ಆಮೇಲೂ ಏನಾದರೂ ಉಳಿದರೆ ಅದು ನಿಜವಾದ ಲಾಭ, ಅಂದರೆ ಕಳೆದ ವರ್ಷಕ್ಕಿಂತ ಈ ವರ್ಷ ಅದೇ ದುಡ್ಡಿನಿಂದ ಎಷ್ಟು ಜಾಸ್ತಿ ಸಾಮಾನು ತರಬಹುದು ಅನ್ನುವ ಲೆಕ್ಕ.

ನಿಮ್ಮ ಆದಾಯ 20 ಪರ್ಸೆಂಟ್ ಹಂತದಲ್ಲಿದೆ ಅಂದುಕೊಳ್ಳಿ. ಹೊಸ ತೆರಿಗೆ ಪದ್ಧತಿಯಲ್ಲಿ, 2025-26ರ ಲೆಕ್ಕದಂತೆ, 16ರಿಂದ 20 ಲಕ್ಷದ ನಡುವಿನ ಆದಾಯಕ್ಕೆ ಈ ದರ. ಮೇಲೆ 4 ಪರ್ಸೆಂಟ್ ಸೆಸ್ ಸೇರಿ 20.8 ಆಗುತ್ತದೆ. 6.5ರಲ್ಲಿ ಅಷ್ಟು ಹೋದರೆ ಉಳಿಯುವುದು 5.148. ಬೆಲೆ ಏರಿಕೆ 5 ಅಂತ ಹಿಡಿದರೆ:

```
1.05148 / 1.05 - 1 = 0.0014
```

ವರ್ಷಕ್ಕೆ 0.14 ಪರ್ಸೆಂಟ್. ಲಕ್ಷ ರೂಪಾಯಿಗೆ 140 ರೂಪಾಯಿ. ಅದೇ 30 ಪರ್ಸೆಂಟ್ ಹಂತದವರಾದರೆ ಕೈಗೆ 4.47 ಬಂದು, ನಿಜ ಲೆಕ್ಕದಲ್ಲಿ ವರ್ಷಕ್ಕೆ ಅರ್ಧ ಪರ್ಸೆಂಟ್ ನಷ್ಟ. ತೆರಿಗೆಯೇ ಬೀಳದವರಿಗೆ 1.43 ಪರ್ಸೆಂಟ್ ಲಾಭ. ಒಂದೇ ಬ್ಯಾಂಕು, ಒಂದೇ ಕೌಂಟರು, ಒಂದೇ ದರ. ಆದರೂ ಮೂರು ಮನೆಗೆ ಮೂರು ಫಲ.

ಬೆಲೆ ಏರಿಕೆ 5 ಅಂತ ಎಲ್ಲಿಂದ ಹಿಡಿದಿರಿ? ಪೇಪರಿನಲ್ಲಿ ಇನ್ನೂ ಕಡಿಮೆ ಬರುತ್ತದಲ್ಲ?

ಒಂದು ತಿಂಗಳ ಅಂಕಿ ನೋಡಿ ಹನ್ನೆರಡು ವರ್ಷದ ಲೆಕ್ಕ ಹಾಕಬಾರದು. 2025ರ ಅಕ್ಟೋಬರ್‌ನಲ್ಲಿ ಗ್ರಾಹಕ ಬೆಲೆ ಸೂಚ್ಯಂಕದ ಏರಿಕೆ ಬರೀ 0.25 ಪರ್ಸೆಂಟ್ ಇತ್ತು. 2022-23ರಲ್ಲಿ ಸರಾಸರಿ 6.7 ಇತ್ತು. 2014-15ರಿಂದ 2024-25ರ ತನಕದ ಹತ್ತು ವರ್ಷ ತೆಗೆದುಕೊಂಡರೆ ವರ್ಷಕ್ಕೆ ಸುಮಾರು 5 ಬರುತ್ತದೆ. ರಿಸರ್ವ್ ಬ್ಯಾಂಕಿನ ಗುರಿ 4, ಎರಡು ಆಚೆ ಈಚೆ. ಗುರಿ ಮುಟ್ಟಿ 4ರಲ್ಲೇ ನಿಂತರೆ ಮೇಲಿನ 0.14 ಅನ್ನುವುದು 1.1 ಆಗುತ್ತದೆ. ಅದು ಒಳ್ಳೆಯ ಸುದ್ದಿಯೇ, ಆದರೆ ಮಗಳ ಕಾಲೇಜನ್ನು ಆ ಒಳ್ಳೆಯ ಸುದ್ದಿಯ ಮೇಲೆ ನಿಲ್ಲಿಸಲು ನನಗೆ ಮನಸ್ಸಿಲ್ಲ. ಅದಕ್ಕೇ 5.

ಇನ್ನೊಂದು ವಿಷಯ. ಸರ್ಕಾರದ ಸೂಚ್ಯಂಕ ಇಡೀ ದೇಶದ ಬುಟ್ಟಿ. ನಿಮ್ಮ ಮನೆಯ ಬುಟ್ಟಿ ಬೇರೆ. ತೋಟ ಇದ್ದವರ ಖರ್ಚಿನಲ್ಲಿ ಕೊನೆಗೌಡರ ಕೂಲಿ, ಔಷಧಿ ಹೊಡೆಯುವ ಕೂಲಿ ದೊಡ್ಡದು. ಕಾರವಾರದಲ್ಲಿ ಬಾಡಿಗೆ ಮನೆಯಲ್ಲಿ ಇದ್ದು ವಾರಕ್ಕೆ ನಾಲ್ಕು ದಿನ ಮೀನು ತರುವವರ ಖರ್ಚು ಬೇರೆ. ಹತ್ತು ವರ್ಷದ ಹಿಂದಿನ ಖರ್ಚಿನ ಪುಸ್ತಕ ಮನೆಯಲ್ಲಿದ್ದರೆ ತೆಗೆದು ನೋಡಿ. ಅದೇ ನಾಲ್ಕೈದು ಬಾಬ್ತಿಗೆ ಆಗ ಎಷ್ಟು, ಈಗ ಎಷ್ಟು. ಹತ್ತು ವರ್ಷದಲ್ಲಿ 1.63 ಪಟ್ಟು ಆಗಿದ್ದರೆ ಅದು ವರ್ಷಕ್ಕೆ 5. ಎರಡು ಪಟ್ಟು ಆಗಿದ್ದರೆ ವರ್ಷಕ್ಕೆ 7ರ ಮೇಲೆ.

ಹಿಂದೆ 9 ಪರ್ಸೆಂಟ್ ಕೊಡುತ್ತಿದ್ದರು. ಆ ಕಾಲವೇ ಚೆನ್ನಾಗಿತ್ತು ಅಲ್ವಾ?

ಈ ಮಾತು ದಿನಾ ಕೇಳುತ್ತೇನೆ. 2013ರ ಹೊತ್ತಿಗೆ ದೊಡ್ಡ ಬ್ಯಾಂಕುಗಳಲ್ಲೂ 9ರ ಹತ್ತಿರ ಸಿಗುತ್ತಿತ್ತು, ನಿಜ. ಆದರೆ 2013-14ರಲ್ಲಿ ಬೆಲೆ ಏರಿಕೆಯೇ 9.4 ಪರ್ಸೆಂಟ್ ಹತ್ತಿರ ಇತ್ತು. 30ರ ಹಂತದಲ್ಲಿ ತೆರಿಗೆ ಕಟ್ಟುವವರಿಗೆ 9ರಲ್ಲಿ ಕೈಗೆ ಬರುತ್ತಿದ್ದದ್ದು 6.2. ಅಂದರೆ ಒಂದು ವರ್ಷದ ಎಫ್‌ಡಿ ಇಟ್ಟವರು ಆ ವರ್ಷ ನಿಜ ಲೆಕ್ಕದಲ್ಲಿ ಸುಮಾರು 3 ಪರ್ಸೆಂಟ್ ಕಳೆದುಕೊಂಡರು. ಇವತ್ತಿನ 6.5ಕ್ಕಿಂತ ಅದು ಕೆಟ್ಟದ್ದು.

ಕಾರಣ ಇಷ್ಟೇ. ತೆರಿಗೆ ಬೀಳುವುದು ಪೂರ್ತಿ ಬಡ್ಡಿಯ ಮೇಲೆ, ನಿಜವಾದ ಲಾಭದ ಮೇಲೆ ಅಲ್ಲ. ಬಡ್ಡಿಯ ದೊಡ್ಡ ಭಾಗ ಬರೀ ಬೆಲೆ ಏರಿಕೆಯ ಗುಂಡಿ ತುಂಬಲು ಬಂದದ್ದು. ತೆರಿಗೆ ಇಲಾಖೆ ಅದನ್ನೂ ನಿಮ್ಮ ಆದಾಯ ಅಂತಲೇ ಹಿಡಿಯುತ್ತದೆ. ಬಡ್ಡಿ 9, ಬೆಲೆ ಏರಿಕೆ 7.5 ಇದ್ದರೂ ನಡುವೆ ಒಂದೂವರೆ. ಬಡ್ಡಿ 5, ಬೆಲೆ ಏರಿಕೆ 3.5 ಇದ್ದರೂ ಒಂದೂವರೆ. ಎರಡೂ ಒಂದೇ ಅನ್ನಿಸುತ್ತದೆ. ಆದರೆ 30ರ ಹಂತದವರಿಗೆ ಮೊದಲನೆಯದರಲ್ಲಿ 1.2 ಪರ್ಸೆಂಟ್ ನಷ್ಟ, ಎರಡನೆಯದರಲ್ಲಿ ಹೆಚ್ಚುಕಡಿಮೆ ಸೊನ್ನೆ. ಬಡ್ಡಿ ದೊಡ್ಡದಾದಷ್ಟೂ ತೆರಿಗೆಯ ಬಾಯಿಗೆ ಹೋಗುವ ತುತ್ತು ದೊಡ್ಡದು.

ಹಾಗಂತ ಆ ಕಾಲದಲ್ಲಿ ಎಲ್ಲರೂ ಕಳೆದುಕೊಂಡರು ಅಂತಲೂ ಅಲ್ಲ. ನಮ್ಮ ಅತ್ತೆಯ ಕಬ್ಬಿಣದ ಟ್ರಂಕಿನಲ್ಲಿ ಒಂದು ರಸೀದಿ ಇತ್ತು. 2013ರದ್ದು. 2 ಲಕ್ಷ, 9 ಪರ್ಸೆಂಟ್, ಹತ್ತು ವರ್ಷಕ್ಕೆ, ಬಡ್ಡಿ ಅಸಲಿಗೇ ಸೇರುವಂಥದ್ದು. ಮಡಚಿದ ಕಡೆ ಕಾಗದ ಹರಿದು, ಅತ್ತೆ ಅದಕ್ಕೆ ಹಿಂದಿನಿಂದ ಟೇಪ್ ಅಂಟಿಸಿದ್ದರು. 2023ರಲ್ಲಿ ಬಂದದ್ದು 4.87 ಲಕ್ಷ. ಅತ್ತೆಗೆ ತೆರಿಗೆ ಬೀಳುವಷ್ಟು ಆದಾಯ ಇಲ್ಲ. ಆ ಹತ್ತು ವರ್ಷದಲ್ಲಿ ಬೆಲೆಗಳು ಒಟ್ಟಾರೆ ಸುಮಾರು 1.65 ಪಟ್ಟು ಆದವು. ಅಂದರೆ 2013ರ ರೂಪಾಯಿ ಲೆಕ್ಕದಲ್ಲಿ ಅವರ 2 ಲಕ್ಷ 2.95 ಲಕ್ಷ ಆಯಿತು, ವರ್ಷಕ್ಕೆ 4 ಪರ್ಸೆಂಟ್ ನಿಜ ಲಾಭ. ಎಫ್‌ಡಿಯಲ್ಲಿ ಇಷ್ಟು ಬಂದದ್ದನ್ನು ನಾನು ಕಂಡದ್ದು ಕಡಿಮೆ.

ಅತ್ತೆಗೆ ಎರಡು ಕೂಡಿಬಂದವು. ತೆರಿಗೆ ಇಲ್ಲ. ಮತ್ತೆ ದರ ಮೇಲಿದ್ದಾಗ ಹತ್ತು ವರ್ಷಕ್ಕೆ ಕಟ್ಟಿಹಾಕಿದ್ದರು, ಆಮೇಲೆ ಬೆಲೆ ಏರಿಕೆ ಇಳಿಯಿತು. ಅದೇ ವರ್ಷ ಒಂದೊಂದೇ ವರ್ಷಕ್ಕೆ ಇಟ್ಟು ನವೀಕರಿಸುತ್ತ ಹೋದವರು 2020-21ರಲ್ಲಿ 5ರ ಆಸುಪಾಸಿನ ಬಡ್ಡಿಗೆ ಬಂದು ನಿಂತರು. ಆ ವರ್ಷ ಬೆಲೆ ಏರಿಕೆ 6.2. ತೆರಿಗೆ ಕಟ್ಟುವ ಮೊದಲೇ ನಷ್ಟ.

ಒಂದು ದೊಡ್ಡ ಗುರಿಗೆ ಲೆಕ್ಕ ಹಾಕಿ ತೋರಿಸಿ.

ನನ್ನ ತಮ್ಮನ ಲೆಕ್ಕವನ್ನೇ ಹೇಳುತ್ತೇನೆ, ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. ಕಾರವಾರದಲ್ಲಿ ಕೆಲಸ. 20ರ ಹಂತದಲ್ಲಿ ತೆರಿಗೆ. ಮಗಳಿಗೆ ಆರು ವರ್ಷ. ಹನ್ನೆರಡು ವರ್ಷಕ್ಕೆ ಕಾಲೇಜು. ಇವತ್ತು ಸೇರಿಸಿದರೆ ಶುಲ್ಕ, ಹಾಸ್ಟೆಲ್ ಎಲ್ಲ ಸೇರಿ 10 ಲಕ್ಷ ಆಗುತ್ತದೆ ಅಂತ ಅವನ ಅಂದಾಜು. ಕೈಯಲ್ಲಿ ಸರಿಯಾಗಿ 10 ಲಕ್ಷ ಇತ್ತು. «ಎಫ್‌ಡಿ ಹಾಕಿಬಿಡ್ತೇನೆ ಅಕ್ಕ, ಹನ್ನೆರಡು ವರ್ಷಕ್ಕೆ ಡಬಲ್ ಆಗ್ತದೆ, ಸಾಕಲ್ಲ» ಅಂದ.

ಡಬಲ್ ಆಗುವುದು ನಿಜ. 6.5ರಲ್ಲಿ 10 ಲಕ್ಷ ಹನ್ನೆರಡು ವರ್ಷಕ್ಕೆ 21.29 ಲಕ್ಷ ಆಗುತ್ತದೆ. ಆದರೆ ತೆರಿಗೆ ಕಳೆದರೆ 18.26 ಲಕ್ಷ. ಬೆಲೆ ಏರಿಕೆ 5 ಇದ್ದರೆ ಆ 18.26 ಲಕ್ಷಕ್ಕೆ ಇವತ್ತಿನ ಬೆಲೆ 10.17 ಲಕ್ಷ. ಹನ್ನೆರಡು ವರ್ಷ ಕಾದದ್ದಕ್ಕೆ ಸಿಕ್ಕಿದ್ದು ಇವತ್ತಿನ 17 ಸಾವಿರ ರೂಪಾಯಿ.

ಅದೂ ಕಾಲೇಜಿನ ಖರ್ಚು ಉಳಿದೆಲ್ಲದರ ಹಾಗೆ 5ರಲ್ಲೇ ಏರಿದರೆ. ಅವನು 8 ಅಂತ ಹಿಡಿಯಲು ಹೇಳಿದ. ಅದು ಊಹೆ, ಆದರೆ ಶುಲ್ಕದ ವಿಷಯದಲ್ಲಿ ಜಾಸ್ತಿ ಹಿಡಿಯುವುದೇ ಒಳ್ಳೆಯದು. 8ರಲ್ಲಿ ಇವತ್ತಿನ 10 ಲಕ್ಷ ಹನ್ನೆರಡು ವರ್ಷಕ್ಕೆ 25.18 ಲಕ್ಷ ಆಗುತ್ತದೆ. ಕೈಯಲ್ಲಿ ಇರುವುದು 18.26. ಕೊರತೆ 6.92 ಲಕ್ಷ. ಇದನ್ನು ತುಂಬಲು ಇವತ್ತೇ 10ರ ಬದಲು 13.79 ಲಕ್ಷ ಇಡಬೇಕು. ಇಲ್ಲವಾದರೆ 10 ಲಕ್ಷದ ಜೊತೆಗೆ ತಿಂಗಳಿಗೆ ಸುಮಾರು 3,500 ರೂಪಾಯಿಯ ಆರ್‌ಡಿ ಹನ್ನೆರಡು ವರ್ಷ ಕಟ್ಟಬೇಕು.

ದೂರದ ಗುರಿಗೆ ಎಫ್‌ಡಿ ಅಂದರೆ ಇದೇ ಅರ್ಥ. ತೆರಿಗೆ ಕಟ್ಟುವವರ ಕೈಯಲ್ಲಿ ಅದು ದುಡ್ಡನ್ನು ಕಾಯುತ್ತದೆ, ಬೆಳೆಸುವುದಿಲ್ಲ. ಬಡ್ಡಿ ಉಳಿದದ್ದನ್ನು ತುಂಬಿಕೊಡುತ್ತದೆ ಅಂತ ಕೂರುವ ಹಾಗಿಲ್ಲ. ಗುರಿಯ ಪೂರ್ತಿ ಮೊತ್ತ ನಿಮ್ಮ ಸಂಬಳದಿಂದಲೇ ಬರಬೇಕು.

ಆದರೆ ರಸೀದಿಯಲ್ಲಿ 21.29 ಲಕ್ಷ ಅಂತಲೇ ಇರುತ್ತದೆ. ಉಳಿದ ಮೂರು ಲಕ್ಷ ಎಲ್ಲಿ ಹೋಯಿತು?

ಅದು ನಿಮ್ಮ ಸಂಬಳದ ಖಾತೆಯಿಂದ ಹೋಯಿತು. ಪ್ರತಿ ವರ್ಷ ರಿಟರ್ನ್ ತುಂಬುವಾಗ ಎಫ್‌ಡಿ ಬಡ್ಡಿಗೆ ಅಂತ ಕಟ್ಟಿದ ತೆರಿಗೆ ಎಫ್‌ಡಿಯಿಂದ ಕತ್ತರಿಸಿ ಹೋಗಿಲ್ಲ, ಜೇಬಿನಿಂದ ಹೋಗಿದೆ. ಅದಕ್ಕೇ ಎಫ್‌ಡಿ ದುಂಡಗೆ ಬೆಳೆದ ಹಾಗೆ ಕಾಣುತ್ತದೆ. ಆ ತೆರಿಗೆಯ ದುಡ್ಡು ಜೇಬಿನಲ್ಲೇ ಉಳಿದು ಬಡ್ಡಿಗೆ ಬಿದ್ದಿದ್ದರೆ ಎಷ್ಟಾಗುತ್ತಿತ್ತೋ, ಅದನ್ನು ಕಳೆದಾಗ ಬರುವುದೇ 18.26.

ಬ್ಯಾಂಕ್ ಟಿಡಿಎಸ್ ಕತ್ತರಿಸಿದೆ. ಮತ್ತೆ ತೆರಿಗೆ ಯಾಕೆ?

ಟಿಡಿಎಸ್ ಬರೀ 10 ಪರ್ಸೆಂಟ್. ಪಾನ್ ಕೊಡದಿದ್ದರೆ 20. ನೀವು 20ರ ಹಂತದಲ್ಲಿದ್ದರೆ ಉಳಿದ 10.8 ನೀವೇ ಕಟ್ಟಬೇಕು. 2025ರ ಏಪ್ರಿಲ್‌ನಿಂದ ಒಂದು ಬ್ಯಾಂಕಿನಲ್ಲಿ ವರ್ಷಕ್ಕೆ 50 ಸಾವಿರ, ಅರವತ್ತು ದಾಟಿದವರಿಗೆ 1 ಲಕ್ಷದ ತನಕದ ಬಡ್ಡಿಗೆ ಟಿಡಿಎಸ್ ಇಲ್ಲ. ಟಿಡಿಎಸ್ ಇಲ್ಲ ಅಂದರೆ ತೆರಿಗೆ ಇಲ್ಲ ಅಂತ ಅಲ್ಲ. ಈ ಎರಡನ್ನು ಒಂದೇ ಅಂದುಕೊಂಡು ನೋಟಿಸ್ ಹಿಡಿದುಕೊಂಡು ಬರುವವರು ಪ್ರತಿ ವರ್ಷ ಇರುತ್ತಾರೆ.

ಇನ್ನೊಂದು ದೊಡ್ಡ ತಪ್ಪು ಇಲ್ಲೇ ಆಗುವುದು. ಬಡ್ಡಿ ಅಸಲಿಗೆ ಸೇರುವ ಎಫ್‌ಡಿ ಇಟ್ಟವರು, «ದುಡ್ಡು ಇನ್ನೂ ಕೈಗೆ ಬಂದಿಲ್ಲ, ಬಂದಾಗ ತೋರಿಸಿದರಾಯ್ತು» ಅಂತ ಬಿಡುತ್ತಾರೆ. ಬ್ಯಾಂಕ್ ಮಾತ್ರ ಪ್ರತಿ ವರ್ಷ ಹುಟ್ಟಿದ ಬಡ್ಡಿಯನ್ನು ನಿಮ್ಮ ಪಾನ್‌ಗೆ ವರದಿ ಮಾಡುತ್ತಲೇ ಇರುತ್ತದೆ. ತೆರಿಗೆ ಪೋರ್ಟಲ್ಲಿನ ವಾರ್ಷಿಕ ಮಾಹಿತಿ ಪತ್ರದಲ್ಲಿ ಅದು ಕಾಣುತ್ತದೆ, ನಿಮ್ಮ ರಿಟರ್ನ್‌ನಲ್ಲಿ ಕಾಣುವುದಿಲ್ಲ. ಕೊನೆಯ ವರ್ಷ ಒಟ್ಟಿಗೆ ತೋರಿಸಿದರೆ ಇನ್ನೂ ಕಷ್ಟ. ಹನ್ನೆರಡು ವರ್ಷದ 11 ಲಕ್ಷ ಬಡ್ಡಿ ಒಂದೇ ವರ್ಷದ ಆದಾಯಕ್ಕೆ ಬಿದ್ದು ಮೇಲಿನ ಹಂತಕ್ಕೆ ತಳ್ಳುತ್ತದೆ. ವರ್ಷ ವರ್ಷ ತೋರಿಸಿ.

ಇದು ಅಡಿಕೆ ದುಡ್ಡು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವಲ್ಲ?

ಅಡಿಕೆಗೆ ಇಲ್ಲ. ಅಡಿಕೆ ಮಾರಿದ ದುಡ್ಡು ಎಫ್‌ಡಿಗೆ ಹೋದ ಮೇಲೆ ಹುಟ್ಟುವ ಬಡ್ಡಿ ಕೃಷಿ ಆದಾಯ ಅಲ್ಲ, ಅದಕ್ಕೆ ತೆರಿಗೆ ಇದೆ. ಜೊತೆಗೆ, ಬೇರೆ ಆದಾಯ ವಿನಾಯಿತಿ ಮಿತಿ ದಾಟಿದ್ದರೆ ಕೃಷಿ ಆದಾಯವನ್ನೂ ದರದ ಲೆಕ್ಕಕ್ಕೆ ಸೇರಿಸುವ ನಿಯಮ ಇದೆ. ಅಡಿಕೆಗೆ ನೇರವಾಗಿ ತೆರಿಗೆ ಬೀಳದಿದ್ದರೂ ಬಡ್ಡಿಯ ಮೇಲಿನ ದರ ಏರಬಹುದು.

ಆದರೆ ಬರೀ ತೋಟದ ಮೇಲೆ ಬದುಕುವ, ಬೇರೆ ಆದಾಯ ಅಂತ ಬಡ್ಡಿ ಒಂದೇ ಇರುವ ಮನೆಗಳಲ್ಲಿ ತೆರಿಗೆ ಸೊನ್ನೆಯಾಗುವುದೇ ಜಾಸ್ತಿ. ಹೊಸ ಪದ್ಧತಿಯಲ್ಲಿ 12 ಲಕ್ಷದ ತನಕದ ಆದಾಯಕ್ಕೆ ರಿಯಾಯಿತಿ ಇದೆ. ಅಂಥವರಿಗೆ ಎಫ್‌ಡಿ ಕೆಟ್ಟದ್ದಲ್ಲ. ಅತ್ತೆಯ ಲೆಕ್ಕ ನೆನಪಿಡಿ.

ಹೆಂಡತಿ ಹೆಸರಲ್ಲಿ ಇಟ್ಟರೆ ತೆರಿಗೆ ಉಳಿಯುತ್ತದಾ?

ನಿಮ್ಮ ದುಡ್ಡನ್ನು ಹೆಂಡತಿಗೆ ಕೊಟ್ಟು ಅವರ ಹೆಸರಲ್ಲಿ ಇಟ್ಟರೆ ಉಳಿಯುವುದಿಲ್ಲ. ಆ ಬಡ್ಡಿಯನ್ನು ನಿಮ್ಮ ಆದಾಯಕ್ಕೇ ಸೇರಿಸಬೇಕು. ಚಿಕ್ಕ ಮಕ್ಕಳ ಹೆಸರಲ್ಲಿ ಇಟ್ಟರೂ ಹಾಗೇ, ಅಪ್ಪ ಅಮ್ಮನಲ್ಲಿ ಯಾರ ಆದಾಯ ಜಾಸ್ತಿಯೋ ಅವರಿಗೆ ಸೇರುತ್ತದೆ. ಹೆಂಡತಿಯ ಸ್ವಂತ ಸಂಬಳ, ತವರಿನಿಂದ ಬಂದ ದುಡ್ಡು, ಅವರದೇ ತೋಟದ ಹುಟ್ಟುವಳಿ ಆದರೆ ಬಡ್ಡಿ ಅವರದೇ.

ಅಪ್ಪ ಅಮ್ಮನಿಗೆ ಕೊಟ್ಟರೆ ಲೆಕ್ಕ ಬೇರೆ. ಮಗ ಕೊಟ್ಟದ್ದಕ್ಕೆ ಅವರು ತೆರಿಗೆ ಕಟ್ಟಬೇಕಿಲ್ಲ, ಬಡ್ಡಿಯೂ ಅವರ ಆದಾಯ. ಅವರಿಗೆ ತೆರಿಗೆ ಬೀಳದಿದ್ದರೆ ನಿಜ ಲಾಭ 0.14ರಿಂದ 1.43ಕ್ಕೆ ಏರುತ್ತದೆ. ಅರವತ್ತು ದಾಟಿದವರಿಗೆ ಬ್ಯಾಂಕ್ ಸ್ವಲ್ಪ ಜಾಸ್ತಿ ಬಡ್ಡಿಯನ್ನೂ ಕೊಡುತ್ತದೆ. ಆದರೆ ಕೊಟ್ಟ ಮೇಲೆ ಅದು ಅವರ ದುಡ್ಡು, ನಾಳೆ ಅಣ್ಣತಮ್ಮಂದಿರ ಪಾಲಿಗೂ ಬರುತ್ತದೆ. ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಹಾಗೆ ಮಾಡುವುದಾದರೆ ಮಾತ್ರ ಮಾಡಿ. ಕಾಗದ ಸರಿ ಇದ್ದರೂ ಮನಸ್ಸು ಕೆಟ್ಟದ್ದನ್ನು ನಾನು ನೋಡಿದ್ದೇನೆ.

ಸೊಸೈಟಿಯಲ್ಲಿ 8 ಕೊಡುತ್ತಾರೆ. ಅಲ್ಲಿ ಇಡಬಹುದಾ?

ನಮ್ಮ ಕಡೆ ಸೊಸೈಟಿ ಅಂದರೆ ಬರೀ ಠೇವಣಿಯ ಜಾಗ ಅಲ್ಲ. ಬೆಳೆಸಾಲ, ಗೊಬ್ಬರ, ಅಡಿಕೆ ಮಾರಾಟ ಎಲ್ಲ ಅಲ್ಲೇ. ನಂಬಿಕೆ ಇರುವುದು ಸಹಜ. ಆದರೂ ಲೆಕ್ಕ ನೋಡಿ. 6.5ರಿಂದ 8ಕ್ಕೆ ಒಂದೂವರೆ ಜಾಸ್ತಿ. 30ರ ಹಂತದವರಿಗೆ ತೆರಿಗೆ ಕಳೆದು ಉಳಿಯುವ ಹೆಚ್ಚುವರಿ ಸುಮಾರು ಒಂದು ಪರ್ಸೆಂಟ್. ಆ ಒಂದು ಪರ್ಸೆಂಟಿಗೆ ನೀವು ಬಿಟ್ಟುಕೊಡುವುದು ಠೇವಣಿ ವಿಮೆಯನ್ನು. ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕುಗಳಲ್ಲೂ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದ ತನಕ ವಿಮೆ ಇದೆ, 2020ರ ಫೆಬ್ರವರಿಯಿಂದ. ಕೃಷಿ ಪತ್ತಿನ ಸಂಘ, ಪತ್ತಿನ ಸೌಹಾರ್ದ ಸಂಘಗಳಿಗೆ ಆ ವಿಮೆ ಇಲ್ಲ. ವ್ಯತ್ಯಾಸ ತಿಳಿಯಲು ಕೌಂಟರಿನಲ್ಲಿ ಒಂದೇ ಪ್ರಶ್ನೆ ಕೇಳಿ: ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇದೆಯಾ, ಡಿಐಸಿಜಿಸಿ ವಿಮೆ ಇದೆಯಾ?

ವರ್ಷದ ಖರ್ಚಿಗೆ ಬೇಕಾದಷ್ಟು ಸೊಸೈಟಿಯಲ್ಲಿರಲಿ. ಮಗಳ ಓದಿನ ಪೂರ್ತಿ ದುಡ್ಡನ್ನು ಅಲ್ಲಿ ಇಡಬೇಡಿ ಅಂತಲೇ ನಾನು ಹೇಳುವುದು. ಸೊಸೈಟಿ ಸದಸ್ಯರ ಬಡ್ಡಿಗೆ ಟಿಡಿಎಸ್ ಕತ್ತರಿಸದೇ ಇರಬಹುದು. ಆ ಬಡ್ಡಿಗೂ ತೆರಿಗೆ ಇದೆ.

ಹಾಗಾದರೆ ತಮ್ಮ ಕೊನೆಗೆ ಏನು ಮಾಡಿದ?

ಅವನಿಗೆ ಮೂರು ವರ್ಷ ಹಿಂದೆ ತೆರೆದ ಪಿಪಿಎಫ್ ಖಾತೆ ಇತ್ತು. ವರ್ಷಕ್ಕೆ ಐನೂರು ಹಾಕಿ ಸುಮ್ನೆ ಬಿಟ್ಟಿದ್ದ. ಹದಿನೈದು ವರ್ಷದ ಖಾತೆ ಆದ್ದರಿಂದ ಮಗಳು ಕಾಲೇಜಿಗೆ ಹೋಗುವ ಹೊತ್ತಿಗೇ ಅದು ಮುಗಿಯುತ್ತದೆ. ಪಿಪಿಎಫ್ ಬಡ್ಡಿ 2020ರ ಏಪ್ರಿಲ್‌ನಿಂದ 7.1ರಲ್ಲಿ ನಿಂತಿದೆ, ಆ ಬಡ್ಡಿಗೆ ತೆರಿಗೆ ಇಲ್ಲ. ಹೊಸ ಪದ್ಧತಿಯಲ್ಲಿ ದುಡ್ಡು ಹಾಕಿದ್ದಕ್ಕೆ ರಿಯಾಯಿತಿ ಸಿಗುವುದಿಲ್ಲ, ಆದರೆ ಬಡ್ಡಿ ಆಗಲೂ ತೆರಿಗೆ ಇಲ್ಲದ್ದೇ. 5.148ರ ಜಾಗದಲ್ಲಿ 7.1. ನಿಜ ಲಾಭ 0.14ರ ಜಾಗದಲ್ಲಿ 2.

ತೊಂದರೆ ಅಂದರೆ ವರ್ಷಕ್ಕೆ 1.5 ಲಕ್ಷಕ್ಕಿಂತ ಜಾಸ್ತಿ ಹಾಕಲು ಬಿಡುವುದಿಲ್ಲ. ಅದಕ್ಕೆ 10 ಲಕ್ಷವನ್ನು ಒಂದೇ ಎಫ್‌ಡಿ ಮಾಡಲಿಲ್ಲ. ಮೊದಲ 1.5 ಲಕ್ಷ ನೇರ ಪಿಪಿಎಫ್‌ಗೆ ಹೋಯಿತು. ಉಳಿದದ್ದನ್ನು ತುಂಡು ಮಾಡಿ, ಪ್ರತಿ ಮಾರ್ಚ್ ಕೊನೆಗೆ ಒಂದೊಂದು ಮುಗಿಯುವ ಹಾಗೆ ಇಟ್ಟ. ಒಂದು ವರ್ಷದ್ದು, ಎರಡು ವರ್ಷದ್ದು, ಹೀಗೆ. ನಡುವೆ ಮುರಿದರೆ ಬ್ಯಾಂಕ್ ಬಡ್ಡಿಯಲ್ಲಿ ಕತ್ತರಿಸುತ್ತದೆ, ಹಾಗಾಗಿ ಮುರಿಯುವ ಪ್ರಶ್ನೆಯೇ ಬರಬಾರದು. ಎಫ್‌ಡಿ ಮುಗಿದ ದುಡ್ಡು ಏಪ್ರಿಲ್ 5ರೊಳಗೆ ಪಿಪಿಎಫ್‌ಗೆ ಹೋಗಬೇಕು. ಪಿಪಿಎಫ್‌ನಲ್ಲಿ ತಿಂಗಳ 5ರ ನಂತರ ಹಾಕಿದ್ದಕ್ಕೆ ಆ ತಿಂಗಳ ಬಡ್ಡಿ ಇಲ್ಲ. ಮತ್ತೆ ಎಫ್‌ಡಿ ತಾನೇ ನವೀಕರಣ ಆಗುವ ಆಯ್ಕೆ ತೆಗೆಸಬೇಕು. ಅದನ್ನು ತೆಗೆಸದೇ ಇದ್ದರೆ ಮಾರ್ಚ್ 31ಕ್ಕೆ ಮುಗಿದದ್ದು ಏಪ್ರಿಲ್ 1ಕ್ಕೆ ಮತ್ತೆ ಎಫ್‌ಡಿ ಆಗಿ ಕೂತಿರುತ್ತದೆ.

ದರಗಳು ಹೀಗೇ ಇದ್ದರೆ ಎಂಟನೇ ವರ್ಷದ ಹೊತ್ತಿಗೆ ಪೂರ್ತಿ ದುಡ್ಡು ಆ ಕಡೆ ಹೋಗಿರುತ್ತದೆ. ಹನ್ನೆರಡು ವರ್ಷಕ್ಕೆ ಸುಮಾರು 21.5 ಲಕ್ಷ. ಬರೀ ಎಫ್‌ಡಿಗಿಂತ ಮೂರು ಲಕ್ಷದ ಮೇಲೆ ಜಾಸ್ತಿ, ಬೇರೆ ಯಾವ ಅಪಾಯವೂ ಇಲ್ಲದೆ. ಕೊರತೆ 3.68 ಲಕ್ಷಕ್ಕೆ ಇಳಿಯಿತು. ತಿಂಗಳಿಗೆ 3,500ರ ಬದಲು 1,900ರ ಆರ್‌ಡಿ ಸಾಕಾಯಿತು. ಪಿಪಿಎಫ್ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ನೋಡುತ್ತದೆ, ಇಳಿಸಲೂಬಹುದು. ಹಾಗಾಗಿ ಈ ಲೆಕ್ಕವನ್ನು ಪ್ರತಿ ಏಪ್ರಿಲ್‌ನಲ್ಲಿ ಹೊಸದಾಗಿ ಹಾಕಬೇಕು.

ಸುಕನ್ಯಾ ಸಮೃದ್ಧಿಯಲ್ಲಿ ಇನ್ನೂ ಜಾಸ್ತಿ ಬಡ್ಡಿ. ಅದನ್ನು ಯಾಕೆ ಬಿಟ್ಟಿರಿ?

ಬಿಟ್ಟಿಲ್ಲ. ಹತ್ತು ವರ್ಷದೊಳಗಿನ ಹೆಣ್ಣುಮಗು ಇದ್ದವರಿಗೆ ಅದು ಚೆನ್ನಾಗಿದೆ. 2024ರ ಜನವರಿಯಿಂದ 8.2 ಪರ್ಸೆಂಟ್, ತೆರಿಗೆ ಇಲ್ಲ. ಬೆಲೆ ಏರಿಕೆ 5 ಇದ್ದರೆ ನಿಜ ಲಾಭ 3. ಆದರೆ ಖಾತೆ ಮುಗಿಯುವುದು ತೆರೆದ 21 ವರ್ಷಕ್ಕೆ. ಮಗಳಿಗೆ ಹದಿನೆಂಟಾದಾಗ, ಇಲ್ಲವೇ ಹತ್ತನೇ ತರಗತಿ ಮುಗಿದಾಗ ಓದಿಗೆ ಅಂತ ತೆಗೆಯಲು ಬಿಡುವುದು ಹಿಂದಿನ ವರ್ಷದ ಕೊನೆಗೆ ಇದ್ದ ಮೊತ್ತದ ಅರ್ಧ ಮಾತ್ರ. ಶುಲ್ಕ ಕಟ್ಟುವ ದಿನ ಉಳಿದರ್ಧ ಒಳಗೇ ಇರುತ್ತದೆ. ಮಗು ಹುಟ್ಟಿದ ವರ್ಷವೇ ತೆರೆದವರಿಗೆ ಇದು ಅಷ್ಟು ತೊಂದರೆ ಅಲ್ಲ. ಆರನೇ ವರ್ಷಕ್ಕೆ ತೆರೆದರೆ ಮಗಳಿಗೆ ಇಪ್ಪತ್ತೇಳಾಗಬೇಕು, ಅದು ಮದುವೆ ಅಥವಾ ಮುಂದಿನ ಓದಿಗೆ ಸರಿ. ತಮ್ಮ ಆರ್‌ಡಿಗೆ ಅಂತ ಇದ್ದ ದುಡ್ಡಿನಲ್ಲಿ ಒಂದು ಭಾಗ ಇದಕ್ಕೆ ಹಾಕುತ್ತಾನೆ.

ಷೇರು ಮಾರುಕಟ್ಟೆಯ ಮ್ಯೂಚುವಲ್ ಫಂಡ್?

ಹನ್ನೆರಡು ವರ್ಷದ ಗುರಿಗೆ ಒಂದು ಭಾಗ ಹಾಕಬಹುದು. ಬೆಲೆ ಏರಿಕೆಯನ್ನು ದಾಟುವ ಸಾಧ್ಯತೆ ಅಲ್ಲಿ ಜಾಸ್ತಿ. ತೆರಿಗೆಯೂ ವರ್ಷ ವರ್ಷ ಬೀಳುವುದಿಲ್ಲ, ಮಾರಿದಾಗ ಮಾತ್ರ. ಒಂದು ವರ್ಷ ದಾಟಿದ ಷೇರು ಫಂಡಿನ ಲಾಭದಲ್ಲಿ ವರ್ಷಕ್ಕೆ 1.25 ಲಕ್ಷ ಬಿಟ್ಟು ಉಳಿದದ್ದಕ್ಕೆ 12.5 ಪರ್ಸೆಂಟ್. ಆದರೆ 2020ರ ಜನವರಿಯಿಂದ ಮಾರ್ಚ್ ಒಳಗೆ ನಿಫ್ಟಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬಿದ್ದಿತ್ತು. ಆ ಮಾರ್ಚ್‌ನಲ್ಲಿ ನಿಮ್ಮ ಮಗಳ ಶುಲ್ಕದ ದಿನ ಇದ್ದಿದ್ದರೆ ಏನು ಮಾಡುತ್ತಿದ್ದಿರಿ ಅಂತ ಮೊದಲು ಕೂತು ಯೋಚಿಸಿ. ಬಿದ್ದಾಗ ಮುಟ್ಟದೆ ಇರಲು ಆಗುತ್ತದೆ ಅನ್ನುವಷ್ಟು ಮಾತ್ರ ಹಾಕಿ.

ಅಡಿಕೆಯನ್ನೇ ಮಾರದೆ ಇಟ್ಟರೆ ಎಫ್‌ಡಿಗಿಂತ ಒಳ್ಳೆಯದಲ್ವಾ?

ಒಂದೆರಡು ವರ್ಷ ಚಾಲಿ ಇಟ್ಟು ಒಳ್ಳೆಯ ದರಕ್ಕೆ ಮಾರಿದವರು ಇದ್ದಾರೆ. ಆದರೆ ಅದು ದರದ ಮೇಲಿನ ಪಣ, ಬಡ್ಡಿ ಅಲ್ಲ. ತೂಕ ಇಳಿಯುತ್ತದೆ, ಹುಳ ಬೀಳುತ್ತದೆ, ದರ ಯಾವಾಗ ಇಳಿಯುತ್ತದೆ ಅಂತ ಯಾರೂ ಹೇಳಲಾರರು. ತಾರೀಖು ಗೊತ್ತಿರುವ ಗುರಿಗೆ ಇದು ಆಗುವುದಿಲ್ಲ.

ಹಾಗಾದರೆ ಎಫ್‌ಡಿ ಯಾವಾಗ ಸರಿ?

ಗುರಿಗೆ ಮೂರು ವರ್ಷ ಇದ್ದಾಗಿನಿಂದ. ಆಗ ಬೆಲೆ ಏರಿಕೆ ತಿನ್ನಲು ಸಮಯ ಕಡಿಮೆ, ದುಡ್ಡು ಆ ದಿನ ಆ ಮೊತ್ತದಲ್ಲಿ ಇರುವುದೇ ಮುಖ್ಯ. ತಮ್ಮನಿಗೆ ಹೇಳಿರುವುದೂ ಅದೇ. ಫಂಡಿನಲ್ಲಿ ಏನಾದರೂ ಹಾಕಿದ್ದರೆ ಮಗಳು ಒಂಬತ್ತನೇ ತರಗತಿ ಮುಗಿಸಿದ ವರ್ಷದಿಂದ ವರ್ಷಕ್ಕೆ ಮೂರನೇ ಒಂದು ಭಾಗ ತೆಗೆದು ಎಫ್‌ಡಿಗೆ ತರುವುದು. ಮೊದಲ ವರ್ಷದ ಶುಲ್ಕಕ್ಕೆ ಒಂದು, ಎರಡನೇ ವರ್ಷದ್ದಕ್ಕೆ ಒಂದು, ಹೀಗೆ ನಾಲ್ಕು ರಸೀದಿ. ಒಂದೊಂದೂ ಕಾಲೇಜು ಶುರುವಾಗುವ ಒಂದು ತಿಂಗಳು ಮೊದಲು ಮುಗಿಯುವ ಹಾಗೆ. ಅವನು ಆ ನಾಲ್ಕು ತಾರೀಖುಗಳನ್ನು ಈಗಲೇ ಪಿಪಿಎಫ್ ಪಾಸ್‌ಬುಕ್ಕಿನ ಹಿಂದಿನ ಪುಟದಲ್ಲಿ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದಾನೆ.